ಚಿತ್ರ ಕಳೆದುಹೋಗಿದೆ, ಅಡಿಬರಹ ಮಾತ್ರ ಉಳಿದಿದೆ: ಆ ಜಾಗದಲ್ಲಿ ಏನು ಬರೆಯಬೇಕು?

ಹಳೇಸಂಚಿಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳ ಲೇಖನಗಳನ್ನು ಒಂದು ಜಾಲತಾಣದಲ್ಲಿ ಹಾಕಿದ್ದೇವೆ. ಸರ್ವರ್ ಬದಲಾಯಿಸುವಾಗ ಚಿತ್ರಗಳ ಫೋಲ್ಡರ್ ಜೊತೆಗೆ ಬರಲಿಲ್ಲ, ಬ್ಯಾಕಪ್ ಸಹ ಇಲ್ಲ. ಈಗ 43 ಕಡೆ ಚಿತ್ರದ ಬದಲು ಒಡೆದ ಚಿತ್ರದ ಗುರುತು ಕಾಣುತ್ತಿದೆ. ಅಡಿಬರಹಗಳು ಹಾಗೇ ಇವೆ.

ಒಂದು ಉದಾಹರಣೆ ಕೊಡುತ್ತೇನೆ. ಹಂಪಿಯ ಬಗೆಗಿನ ಲೇಖನದಲ್ಲಿ "1856ರ ಈ ಚಿತ್ರದಲ್ಲಿ ಕಾಣುವಂತೆ, ಕಲ್ಲಿನ ರಥದ ಮೇಲೆ ಆಗ ಗೋಪುರವಿತ್ತು" ಎಂಬ ವಾಕ್ಯವಿದೆ. ಚಿತ್ರದ ಅಡಿಬರಹ "ವಿಠ್ಠಲ ದೇವಾಲಯದ ಕಲ್ಲಿನ ರಥ" ಎಂದಷ್ಟೇ. ಚಿತ್ರ ಕಾಣದವರಿಗಾಗಿ ಕೋಡ್‌ನಲ್ಲಿ ವಿವರಣೆ ಬರೆಯುವ `alt` ಜಾಗದಲ್ಲಿ ಹಿಂದೆ ಯಾರೋ `image1` ಎಂದು ಬರೆದುಬಿಟ್ಟಿದ್ದಾರೆ. ನಮ್ಮ ಓದುಗರಲ್ಲಿ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರೂ ಇದ್ದಾರೆ. ಅವರಿಗೂ ಉಳಿದವರಿಗೂ ಉಪಯೋಗವಾಗುವ ಹಾಗೆ ಆ ಜಾಗದಲ್ಲಿ ಏನು ಬರೆಯಬಹುದು?

ಕೋಡುಬಳೆ

ಸುಲಭ ಇದೆ ಸರ್. ಚಿತ್ರವೇ ಇಲ್ಲ ಅಂದಮೇಲೆ `alt=""` ಅಂತ ಖಾಲಿ ಬಿಡಿ. ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತೆ, `image1` ಅಂತ ಓದುವ ಕಿರಿಕಿರಿ ತಪ್ಪುತ್ತೆ. ಕ್ರೋಮ್‌ನಲ್ಲಿ ಒಡೆದ ಚಿತ್ರದ ಗುರುತೂ ಮಾಯವಾಗುತ್ತೆ. ಏನಾದರೂ ಬರೆಯಲೇಬೇಕು ಅಂದ್ರೆ 125 ಅಕ್ಷರ ದಾಟಬೇಡಿ, ಅದಕ್ಕಿಂತ ಉದ್ದ ಇದ್ದರೆ ಸ್ಕ್ರೀನ್ ರೀಡರ್ ಕತ್ತರಿಸಿಬಿಡುತ್ತೆ.

ಕಿವಿಗೊಟ್ಟು

ಕೋಡುಬಳೆ ಅವರೇ, ಖಾಲಿ `alt` ಬಗ್ಗೆ ನೀವು ಹೇಳಿದ್ದು ತಾಂತ್ರಿಕವಾಗಿ ಸರಿ. ಆದರೆ ಅದು ಅಲಂಕಾರದ ಚಿತ್ರಗಳಿಗೆ, ಹೂಬಳ್ಳಿ ಗೆರೆ, ಹಿನ್ನೆಲೆಯ ಬಣ್ಣದಂಥವಕ್ಕೆ. ಇಲ್ಲಿ ಲೇಖನದ ವಾದವೇ ಚಿತ್ರದ ಮೇಲೆ ನಿಂತಿದೆ. ನಾನು ದಿನವಿಡೀ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವನು, ಕಿವಿಗೆ ಏನು ಬೀಳುತ್ತದೆ ಅಂತ ಹೇಳುತ್ತೇನೆ.

`image1` ಇದ್ದರೆ "ಗ್ರಾಫಿಕ್ ಇಮೇಜ್ ಒನ್" ಅಂತ ಕೇಳುತ್ತದೆ. ಇಲ್ಲೇನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. `alt` ಅನ್ನೇ ಬರೆಯದೆ ಬಿಟ್ಟಿದ್ದರೆ ಫಲಿತಾಂಶ ಬ್ರೌಸರ್ ಮೇಲೆ ಹೋಗುತ್ತದೆ. ಒಮ್ಮೊಮ್ಮೆ ಏನೂ ಕೇಳುವುದಿಲ್ಲ, ಒಮ್ಮೊಮ್ಮೆ ಹೆಸರಿಲ್ಲದ ಗ್ರಾಫಿಕ್ ಅನ್ನುತ್ತದೆ, ಚಿತ್ರ ಲಿಂಕ್‌ನೊಳಗಿದ್ದರೆ ಫೈಲಿನ ಹೆಸರನ್ನೇ ಓದುತ್ತದೆ. `alt=""` ಇದ್ದರೆ ಪೂರ್ತಿ ನಿಶ್ಶಬ್ದ. `G` ಒತ್ತಿ ಪುಟದ ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರುವಾಗಲೂ ಅದು ಸಿಗುವುದಿಲ್ಲ. ಆಮೇಲೆ "ಈ ಚಿತ್ರದಲ್ಲಿ ಕಾಣುವಂತೆ" ಅನ್ನುವ ವಾಕ್ಯ ಬಂದಾಗ, ಯಾವ ಚಿತ್ರ ಅಂತ ಹಿಂದೆ ಮುಂದೆ ಹುಡುಕಿ, ನಾನೇ ಎಲ್ಲೋ ದಾಟಿಬಂದೆ ಅಂದುಕೊಳ್ಳುತ್ತೇನೆ. ತಪ್ಪು ಪುಟದ್ದು, ಅನುಮಾನ ನನ್ನ ಮೇಲೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. `alt` ಚೆನ್ನಾಗಿ ಬರೆದಿದ್ದರೆ ಚಿತ್ರದ ಫೈಲ್ ಇದ್ದರೂ ಇಲ್ಲದಿದ್ದರೂ ನನಗೆ ಕೇಳುವ ಮಾತು ಒಂದೇ. ಅಂದರೆ ಮೊದಲೇ ಸರಿಯಾಗಿ ಬರೆದಿದ್ದರೆ ಸರ್ವರ್ ಬದಲಾದ ದಿನ ನನಗೆ ಏನೂ ನಷ್ಟ ಆಗುತ್ತಿರಲಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ: ಚಿತ್ರ ಕಳೆದುಹೋದಮೇಲೆ ಯಾರಾದರೂ ಊಹಿಸಿ `alt` ಬರೆದರೆ, ಅದು ಊಹೆ ಅಂತ ನನಗೆ ತಿಳಿಯುವ ದಾರಿಯೇ ಇಲ್ಲ. ಕಣ್ಣಿದ್ದವರಿಗೆ ಪಕ್ಕದಲ್ಲಿ ಒಡೆದ ಗುರುತು ಕಾಣುತ್ತದೆ, ಅನುಮಾನ ಬರುತ್ತದೆ. ನಮಗೆ ಆ ಸುಳಿವೂ ಇರುವುದಿಲ್ಲ.

125 ಅಕ್ಷರದ ಮಾತು: ಹಿಂದೆ ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಉದ್ದದ `alt` ಅನ್ನು ತುಂಡು ತುಂಡಾಗಿ ಓದುತ್ತಿತ್ತು, ಅದರಿಂದ ಹುಟ್ಟಿದ ನಂಬಿಕೆ. ಎನ್‌ವಿಡಿಎ ಕತ್ತರಿಸಿ ಬಿಸಾಡುವುದಿಲ್ಲ. ಕೆಳಬಾಣದಿಂದ ಹೋದರೆ ಒಂದು ಸಾಲಿಗೆ 100 ಅಕ್ಷರದ ಹಾಗೆ ಓದುತ್ತಾ ಹೋಗುತ್ತದೆ, ಆ ಸಂಖ್ಯೆಯನ್ನು ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. ಚಿಕ್ಕದಾಗಿರಲಿ ಅನ್ನುವುದು ಒಳ್ಳೆಯ ಸಲಹೆಯೇ. ಕಾರಣ ಬೇರೆ: `alt` ಒಳಗೆ ಪ್ಯಾರಾ, ತಲೆಬರಹ, ಪಟ್ಟಿ ಯಾವುದೂ ಇರುವುದಿಲ್ಲ, ಎಲ್ಲವೂ ಒಂದೇ ಉಸಿರಿನ ಸಾಲು.

ಅಂಚೆಪೆಟ್ಟಿಗೆ

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಕಲ್ಲಿನ ರಥದ ಫೋಟೋ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಬೇಕಾದಷ್ಟಿವೆ, ಒಂದು ಹಾಕಿಬಿಡಿ. ವಿವರಣೆ ನಾನೇ ಬರೆದುಕೊಡ್ತೀನಿ: "ಹಂಪಿಯ ಕಲ್ಲಿನ ರಥ, ಎದುರಿಗೆ ಎರಡು ಆನೆಗಳು, ಮೇಲ್ಭಾಗ ಚಪ್ಪಟೆ." ಐವತ್ತು ರೂಪಾಯಿ ನೋಟಿನ ಹಿಂದೆ ಇರೋದೂ ಅದೇ ರಥ ತಾನೆ, ಎಲ್ಲರಿಗೂ ಗೊತ್ತಿರೋದೇ.

ಹೊಸಪೇಟೆಯವ

ಅಂಚೆಪೆಟ್ಟಿಗೆ ಅವರೇ, ಈ ಲೇಖನದ ಮಟ್ಟಿಗೆ ಅದು ಪೂರ್ತಿ ತಿರುಗುಮುರುಗಾಗುತ್ತದೆ. ಲೇಖಕರು "ಆಗ ಗೋಪುರವಿತ್ತು" ಅನ್ನುತ್ತಿದ್ದಾರೆ. ನೀವು ಹಾಕುವ ಚಿತ್ರದಲ್ಲಿ ಗೋಪುರ ಇಲ್ಲ. ಓದುಗ ಚಿತ್ರ ನೋಡಿ ಲೇಖಕರೇ ತಪ್ಪು ಬರೆದಿದ್ದಾರೆ ಅಂದುಕೊಳ್ಳುತ್ತಾನೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್ ಬಳಸಿ ಹಂಪಿಯ ಕಟ್ಟಡಗಳ ಚಿತ್ರ ತೆಗೆದ. ಅವುಗಳಲ್ಲಿ ರಥದ್ದೂ ಇದೆ. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ತೆಗೆದುಹಾಕಿದರು, ಹಾಗಾಗಿ ಇವತ್ತು ಹೋದವರಿಗೆ ಮೇಲೆ ಚಪ್ಪಟೆಯಾಗಿ ಕಾಣುವುದು. ಆನೆಗಳ ವಿಷಯವೂ ಅಷ್ಟೇ. ಮೊದಲು ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ಗುರುತು ಇವತ್ತಿಗೂ ಸಿಗುತ್ತದೆ. "ಎಲ್ಲರಿಗೂ ಗೊತ್ತಿರುವ" ರಥವನ್ನು ನೆನಪಿನಿಂದ ವಿವರಿಸಿದರೆ ಹಳೆಯ ಚಿತ್ರದಲ್ಲಿ ಇಲ್ಲದ್ದು ಸೇರಿಕೊಳ್ಳುತ್ತದೆ, ಇದ್ದದ್ದು ಬಿಟ್ಟುಹೋಗುತ್ತದೆ.

ಹಳೇಸಂಚಿಕೆ ಅವರೇ, ವರ್ಷ 1856 ಅಂತ ಇರುವುದರಿಂದ ನಿಮ್ಮ ಚಿತ್ರ ಗ್ರೀನ್‌ಲಾನದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಂತಲೇ ಬರೆದುಬಿಡಿ.

ಕಿವಿಗೊಟ್ಟು

ಹೊಸಪೇಟೆಯವರ ಮಾಹಿತಿ ಚಿನ್ನದಂಥದ್ದು. ಕೊನೆಯ ಸಾಲು ಮಾತ್ರ ಒಪ್ಪುವುದಿಲ್ಲ. ನಿಮಗೆ ಅನ್ನಿಸಿದ್ದು `alt` ಒಳಗೆ ಸೇರಿದ ಕೂಡಲೇ ನನ್ನ ಪಾಲಿಗೆ ಸತ್ಯವಾಗಿಬಿಡುತ್ತದೆ. ಆ ಸಂಚಿಕೆಯವರು ಮೂಲ ಚಿತ್ರದ ಬದಲು ಯಾರೋ ಬಿಡಿಸಿದ ರೇಖಾಚಿತ್ರ ಹಾಕಿರಬಹುದು, ಬರೀ ಗೋಪುರದ ಭಾಗ ಕತ್ತರಿಸಿ ಹಾಕಿರಬಹುದು. ನಮ್ಮಲ್ಲಿ ಯಾರೂ ನೋಡಿಲ್ಲ.

ಪುಟತಿರುವು

ಬರೆಯುವ ಮುಂಚೆ ಹುಡುಕುವ ಕೆಲಸ ಮುಗಿದಿದೆಯೇ? ಹಳೆಯ ಪುಸ್ತಕಗಳನ್ನು ಗಣಕೀಕರಿಸುವಾಗ ನಾವು ಅನುಸರಿಸುವ ಕ್ರಮ ಹೇಳುತ್ತೇನೆ. ಮೊದಲು ಪುಟದ ಮೇಲೆ `Ctrl`+`U` ಒತ್ತಿ ಮೂಲ ಕೋಡ್ ತೆರೆಯಿರಿ. `img` ಇರುವ ಸಾಲಿನಲ್ಲಿ ಫೈಲಿನ ಹೆಸರು, `title`, ಅಗಲ ಮತ್ತು ಎತ್ತರ ಬರೆದಿದೆಯೇ ನೋಡಿ. `ratha-hale-photo.jpg` ಎಂದಿದ್ದರೆ ಅದು ಫೋಟೋ ಎನ್ನಲು ಒಂದು ಆಧಾರ ಸಿಕ್ಕಿತು. `DSC_0412.jpg` ಎಂದಿದ್ದರೆ ಅದು ಕ್ಯಾಮೆರಾ ತಾನಾಗಿ ಕೊಟ್ಟ ಹೆಸರು, ಯಾರೋ ಮುದ್ರಿತ ಪುಟದ ಫೋಟೋ ತೆಗೆದಿರಬಹುದು ಎಂಬುದರ ಆಚೆ ಏನೂ ತಿಳಿಯುವುದಿಲ್ಲ. ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ ಚಿತ್ರ ನಿಲುವಾಗಿತ್ತು ಎಂದಾಯಿತು.

ಆಮೇಲೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್. ಪುಟದ ವಿಳಾಸ ಹಾಕಿ ನೋಡಿದ್ದು ಸಾಲದು. ಎಷ್ಟೋ ಸಲ ಪುಟ ಉಳಿದಿರುತ್ತದೆ, ಚಿತ್ರ ಉಳಿದಿರುವುದಿಲ್ಲ. ಕೆಲವು ಸಲ ಚಿತ್ರ ಬೇರೆ ದಿನಾಂಕದಲ್ಲಿ ಉಳಿದಿರುತ್ತದೆ. ಆದ್ದರಿಂದ ಚಿತ್ರದ ಫೈಲಿನ ಪೂರ್ತಿ ವಿಳಾಸವನ್ನೇ ಪ್ರತ್ಯೇಕವಾಗಿ ಹಾಕಿ ಹುಡುಕಬೇಕು.

```
https://web.archive.org/web/*/ಚಿತ್ರದ-ಪೂರ್ತಿ-ವಿಳಾಸ
```

ಎಲ್ಲಕ್ಕಿಂತ ಮುಖ್ಯವಾಗಿ, ಸ್ಮರಣ ಸಂಚಿಕೆಯ ಮುದ್ರಿತ ಪ್ರತಿ ಸಂಘದ ಹಳೆಯ ಸದಸ್ಯರ ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ಪ್ರತಿ ಸಿಕ್ಕರೆ ಈ ಚರ್ಚೆಯ ಅರ್ಧ ಭಾಗ ಬೇಕಾಗುವುದಿಲ್ಲ.

ಹಳೇಸಂಚಿಕೆ

ವೇಬ್ಯಾಕ್‌ನಲ್ಲಿ 43ರಲ್ಲಿ 9 ಸಿಕ್ಕವು. ತುಂಬಾ ಉಪಕಾರವಾಯಿತು ಪುಟತಿರುವು ಅವರೇ! ರಥದ್ದು ಸಿಗಲಿಲ್ಲ. ಅದರ ಫೈಲ್ ಹೆಸರು `image1.jpg`, ಅಳತೆ ಬರೆದಿಲ್ಲ. ಮುದ್ರಿತ ಪ್ರತಿಗೆ ಇಬ್ಬರನ್ನು ಕೇಳಿದ್ದೇನೆ. ಅಲ್ಲಿಯವರೆಗೆ ಹೀಗೆ ಬರೆದರೆ ಆಗುತ್ತದೆಯೇ ನೋಡಿ:

"ಹಂಪಿಯ ವಿಠ್ಠಲ ದೇವಾಲಯದ ಆವರಣದಲ್ಲಿರುವ, ಇಟ್ಟಿಗೆಯಿಂದ ಕಟ್ಟಿದ ಗೋಪುರವನ್ನು ಮೇಲ್ಭಾಗದಲ್ಲಿ ಹೊಂದಿದ್ದ, 1856ರಲ್ಲಿ ತೆಗೆಯಲಾದ ಕಪ್ಪು-ಬಿಳುಪಿನ ಕಲ್ಲಿನ ರಥದ ಚಿತ್ರ ಇದಾಗಿದ್ದಿರಬಹುದು."

ಕಿವಿಗೊಟ್ಟು

ಇದನ್ನು ಎನ್‌ವಿಡಿಎಯಲ್ಲಿ ಹಾಕಿ ಕೇಳಿದೆ. ಎರಡು ತೊಂದರೆ ಇವೆ, ಎರಡೂ ನಮ್ಮ ಕನ್ನಡದ ವಾಕ್ಯದ ಗುಣದಿಂದ ಬಂದವು. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇವುಗಳ ಮಾತೇ ಬರುವುದಿಲ್ಲ.

ಒಂದು: ನಮ್ಮಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು, ಹೇಳಬೇಕಾದ ವಸ್ತು ಕೊನೆಗೆ ಬರುತ್ತದೆ. "ಆವರಣದಲ್ಲಿರುವ, ಕಟ್ಟಿದ, ಹೊಂದಿದ್ದ, ತೆಗೆಯಲಾದ" ಅಂತ ಕೇಳುತ್ತಾ ಇವೆಲ್ಲ ಯಾವುದರ ಬಗ್ಗೆ ಅಂತ ಕಾಯುತ್ತಾ ಕೂರಬೇಕು. ಕಣ್ಣು ಸಾಲಿನ ಕೊನೆಗೆ ಹಾರಿ ವಾಪಸ್ ಬರುತ್ತದೆ, ಕಿವಿಗೆ ಅದು ಆಗದು. ಕೇಳುವವರು ಮೊದಲ ನಾಲ್ಕು ಪದದಲ್ಲಿ ಇದು ಬೇಕೋ ಬೇಡವೋ ಅಂತ ತೀರ್ಮಾನಿಸಿ, ಬೇಡವಾದರೆ `Ctrl` ಒತ್ತಿ ಮಾತು ನಿಲ್ಲಿಸುತ್ತಾರೆ. ಆದ್ದರಿಂದ ವಸ್ತುವನ್ನು ಮೊದಲು ಹೇಳಿ ಪೂರ್ಣವಿರಾಮ ಹಾಕಿ. "ಕಲ್ಲಿನ ರಥ. ಮೇಲೆ ಇಟ್ಟಿಗೆಯ ಗೋಪುರ." ಓದುವಾಗ ತುಂಡು ತುಂಡು ಅನ್ನಿಸುತ್ತದೆ, ಕೇಳುವಾಗ ಸಲೀಸು.

ಎರಡನೆಯದು ಇನ್ನೂ ಗಂಭೀರ. "ಇರಬಹುದು" ಅನ್ನುವ ಅನುಮಾನ ಕಟ್ಟಕಡೆಯ ಪದದ ಬಾಲದಲ್ಲಿದೆ. ಅರ್ಧಕ್ಕೆ `Ctrl` ಒತ್ತಿದವನಿಗೆ ಅನುಮಾನ ಕೇಳಲೇ ಇಲ್ಲ, ಖಚಿತವಾದ ವಿವರಣೆ ಕೇಳಿದ ಹಾಗಾಯಿತು. ಇರುವ ಚಿತ್ರಕ್ಕೆ ಈ ಸಮಸ್ಯೆ ಇಲ್ಲ, ನೋಡಿಯೇ ಬರೆದಿರುತ್ತಾರೆ. ಇಲ್ಲದ ಚಿತ್ರಕ್ಕೆ ಮಾತ್ರ ಎಲ್ಲಿಂದ ತಿಳಿಯಿತು ಅನ್ನುವುದು ವಾಕ್ಯದ ತಲೆಯಲ್ಲೇ ಬರಬೇಕು. "ಅಡಿಬರಹದ ಪ್ರಕಾರ", "ಲೇಖನದ ಪ್ರಕಾರ" ಅಂತ ಶುರುಮಾಡಿದರೆ ಮುಂದಿನ ಮಾತಿನ ತೂಕ ಎಷ್ಟು ಅಂತ ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ.

ಇನ್ನು "ಕಪ್ಪು-ಬಿಳುಪು" ಎಲ್ಲಿಂದ ಬಂತು? ಅಡಿಬರಹದಲ್ಲೂ ಇಲ್ಲ, ಲೇಖನದಲ್ಲೂ ಇಲ್ಲ. 1856 ಅಂದಮೇಲೆ ಹಾಗೇ ಇರುತ್ತದೆ ಅಂತ ನಿಮ್ಮ ಮನಸ್ಸು ತುಂಬಿಕೊಂಡದ್ದು. ಅದನ್ನು ತೆಗೆಯಿರಿ. ಇಟ್ಟಿಗೆ ಅನ್ನುವುದೂ ಹೊಸಪೇಟೆಯವರಿಂದ ಬಂದದ್ದು, ನಿಮ್ಮ ಲೇಖನ ಗೋಪುರ ಅಂತ ಮಾತ್ರ ಹೇಳಿದೆ.

ಗುಬ್ಬಿಟೀಚರ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿಯ ತಂದೆಗೆ ದೃಷ್ಟಿ ಇಲ್ಲ. ರಜೆ, ಸಭೆ, ಶುಲ್ಕದ ಸೂಚನೆಗಳೆಲ್ಲ ಬಣ್ಣಬಣ್ಣದ ಪೋಸ್ಟರ್ ಆಗಿ ಬರುತ್ತವೆ. ಅವರ ಫೋನು ಫೋಟೋ ಎಂದಷ್ಟೇ ಹೇಳುತ್ತದಂತೆ. ನಾನು ಕೆಳಗೆ "ಹೂವಿನ ಅಂಚು ಇರುವ ಹಳದಿ ಪೋಸ್ಟರ್, ಮೇಲೆ ಶಾಲೆಯ ಲಾಂಛನ" ಎಂದು ಬರೆಯಲು ಶುರುಮಾಡಿದ್ದೇನೆ. ಇದು ಸರಿಯೇ?

ಕಿವಿಗೊಟ್ಟು

ಮೇಡಂ, ನಿಮ್ಮ ಕಾಳಜಿ ದೊಡ್ಡದು. ಅಲ್ಲಿ ಹೂವೂ ಹಳದಿಯೂ ಬೇಡ. ಪೋಸ್ಟರ್‌ನಲ್ಲಿ ಇರುವ ಅಕ್ಷರಗಳನ್ನೇ ಟೈಪ್ ಮಾಡಿ: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನು ತರಬೇಕು. ಆ ಚಿತ್ರ ಆ ಜಾಗದಲ್ಲಿ ಮಾಡುತ್ತಿರುವ ಕೆಲಸ ಅದು. ಇದೇ ಪೋಸ್ಟರ್ ಚಿತ್ರಕಲೆಯ ಸ್ಪರ್ಧೆಗೆ ಬಂದಿದ್ದರೆ ಆಗ ಹೂವಿನ ಅಂಚು, ಬಣ್ಣ ಮುಖ್ಯವಾಗುತ್ತಿತ್ತು.

ಕೋಡುಬಳೆ

125ರ ಬಗ್ಗೆ ತಿದ್ದಿಕೊಂಡೆ, ಕಿವಿಗೊಟ್ಟು ಅವರೇ. ಒಂದು ಪ್ರಶ್ನೆ. "ಚಿತ್ರ ಲಭ್ಯವಿಲ್ಲ" ಅನ್ನೋದನ್ನ `alt` ಒಳಗೇ ಹಾಕಿದ್ರೆ ಸಾಕಲ್ವಾ? ಬ್ರೌಸರ್ ಹೇಗೂ ಒಡೆದ ಚಿತ್ರದ ಜಾಗದಲ್ಲಿ `alt` ತೋರಿಸುತ್ತೆ. ನೋಡೋರಿಗೂ ಕಾಣುತ್ತೆ, ಕೇಳೋರಿಗೂ ಕೇಳುತ್ತೆ.

ಪುಟತಿರುವು

ನಾಳೆ ಮುದ್ರಿತ ಪ್ರತಿ ಸಿಕ್ಕು, ಸ್ಕ್ಯಾನ್ ಮಾಡಿ ಅದೇ ಹೆಸರಿನಲ್ಲಿ ಫೈಲ್ ಏರಿಸಿದರು ಅಂದುಕೊಳ್ಳಿ. ಕಣ್ಣಿಗೆ ಚಿತ್ರ ಬಂದುಬಿಡುತ್ತದೆ, `alt` ತಿದ್ದುವುದು ಯಾರಿಗೂ ನೆನಪಾಗುವುದಿಲ್ಲ, ಏಕೆಂದರೆ ಈಗ ಅದು ಕಾಣುವುದೇ ಇಲ್ಲ. ಸ್ಕ್ರೀನ್ ರೀಡರ್ ಬಳಸುವವರಿಗೆ ಮಾತ್ರ ವರ್ಷಗಟ್ಟಲೆ ಚಿತ್ರ ಲಭ್ಯವಿಲ್ಲ ಎಂದೇ ಕೇಳುತ್ತಿರುತ್ತದೆ. ಆದ್ದರಿಂದ ಇಲ್ಲ ಎಂಬ ಸುದ್ದಿ ಎಲ್ಲರಿಗೂ ಕಾಣುವ ಪಠ್ಯದಲ್ಲಿರಲಿ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಬರೀ ಪಠ್ಯದ ಪುಸ್ತಕಗಳಲ್ಲಿ ಚಿತ್ರವಿದ್ದ ಜಾಗದಲ್ಲಿ `[Illustration]` ಎಂದು ಚೌಕ ಆವರಣದಲ್ಲಿ ಬರೆದು, ಅಡಿಬರಹ ಇದ್ದರೆ ಅದನ್ನೂ ಸೇರಿಸುತ್ತಾರೆ. ನಾವೂ ಚೌಕ ಆವರಣ ಹಾಕಿ ಓರೆ ಅಕ್ಷರದಲ್ಲಿ ಕೊಡುತ್ತೇವೆ, ಇದು ಸಂಪಾದಕರ ಮಾತು, ಲೇಖಕರದಲ್ಲ ಎಂದು ಗೊತ್ತಾಗಲಿ ಅಂತ.

ಕಿವಿಗೊಟ್ಟು

`alt` ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ಚೌಕ ಆವರಣದ ವಿಷಯದಲ್ಲಿ ಒಂದು ಮಾತು. ಎನ್‌ವಿಡಿಎಯಲ್ಲಿ ವಿರಾಮಚಿಹ್ನೆ ಓದುವ ಮಟ್ಟ ಮೊದಲಿಗೆ `some` ಅಂತ ಇರುತ್ತದೆ. ಆ ಮಟ್ಟದಲ್ಲಿ ಚೌಕ ಆವರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಓರೆ ಅಕ್ಷರ, ಬೂದು ಬಣ್ಣವೂ ಹಾಗೇ, ತಾವಾಗಿ ಕೇಳುವುದಿಲ್ಲ. ಆವರಣ ಹಾಕಿ, ಬೇಡ ಅನ್ನುವುದಿಲ್ಲ, ಆದರೆ ಇದು ಸಂಪಾದಕರ ಮಾತು ಅನ್ನುವುದನ್ನು ಪದದಲ್ಲೂ ಹೇಳಿ.

ಇನ್ನೊಂದು. ಪುಟದ ಭಾಷೆ `en` ಅಂತ ಇದೆಯೇ ನೋಡಿ. ಎಷ್ಟೋ ರೆಡಿಮೇಡ್ ಥೀಮ್‌ಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ಆಗ ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರಗಳನ್ನು ಓದಲು ಹೊರಟು ಏನೂ ಅರ್ಥವಾಗದ ಹಾಗೆ ಮಾಡುತ್ತದೆ, ಕೆಲವು ಧ್ವನಿಗಳು ಪೂರ್ತಿ ಬಿಟ್ಟೇಬಿಡುತ್ತವೆ. `lang="kn"` ಇದ್ದರೆ ಕನ್ನಡದ ಧ್ವನಿಗೆ ಬದಲಾಗುತ್ತದೆ. ರಥದ ಜಾಗಕ್ಕೆ ನಾನು ಬರೆಯುವುದಾದರೆ ಹೀಗೆ:

```
<figure lang="kn">
  <p>[ಸಂಪಾದಕರ ಟಿಪ್ಪಣಿ: ಚಿತ್ರ ಕಳೆದುಹೋಗಿದೆ.
  ಲೇಖನದ ಪ್ರಕಾರ ಇದು 1856ರ ಚಿತ್ರ:
  ಕಲ್ಲಿನ ರಥ, ಅದರ ಮೇಲೆ ಗೋಪುರ.]</p>
  <figcaption>ವಿಠ್ಠಲ ದೇವಾಲಯದ ಕಲ್ಲಿನ ರಥ</figcaption>
</figure>
```

ಅಡಿಬರಹ ಲೇಖಕರದು, ಅದನ್ನು ಮುಟ್ಟಿಲ್ಲ. ಅದರಲ್ಲಿರುವ ವಿಠ್ಠಲ ದೇವಾಲಯದ ಹೆಸರನ್ನು ಟಿಪ್ಪಣಿಯಲ್ಲಿ ಮತ್ತೆ ಹೇಳಿಲ್ಲ, ಹೇಳಿದರೆ ಒಂದೇ ಮಾತು ಎರಡು ಸಲ ಕೇಳಬೇಕಾಗುತ್ತದೆ.

ಹೊಸಪೇಟೆಯವ

ಅಚ್ಚುಕಟ್ಟಾಗಿದೆ. ಹಾಗಿದ್ದೂ ನನಗೆ ಸಮಾಧಾನವಿಲ್ಲ. ಗ್ರೀನ್‌ಲಾನ ಚಿತ್ರ ಇದೆ, ನೋಡಲು ಸಿಗುತ್ತದೆ ಅನ್ನುವುದು ಓದುಗನಿಗೆ ತಿಳಿಯಲೇಬೇಕು. ಅದನ್ನು ಬಚ್ಚಿಟ್ಟರೆ ಲೇಖಕರ ಮಾತಿಗೆ ಆಧಾರವೇ ಇಲ್ಲದ ಹಾಗೆ ಕಾಣುತ್ತದೆ. "1856ರಲ್ಲಿ ಗ್ರೀನ್‌ಲಾ ತೆಗೆದ ಚಿತ್ರವೊಂದರಲ್ಲಿ ಈ ಗೋಪುರ ಕಾಣುತ್ತದೆ" ಎಂದು ಸೇರಿಸಿದರೆ ಏನು ತಪ್ಪು?

ಕಿವಿಗೊಟ್ಟು

ತಪ್ಪಿಲ್ಲ, ಬೇರೆ ವಾಕ್ಯವಾಗಿ ಬರಲಿ. "ಕಳೆದ ಚಿತ್ರ ಇದೇ" ಅನ್ನುವುದು ಒಂದು ಮಾತು, "ಈ ಗೋಪುರವನ್ನು ತೋರಿಸುವ ಇನ್ನೊಂದು ಚಿತ್ರ ಇದೆ" ಅನ್ನುವುದು ಬೇರೆ ಮಾತು. ನೀವು ಈಗ ಬರೆದದ್ದು ಎರಡನೆಯದು. ಮೊದಲ ಸಲ ಹೇಳಿದ್ದು ಒಂದನೆಯದು.

ಪುಟತಿರುವು

ನನಗೆ ಅದೂ ಹೆಚ್ಚಾಯಿತು ಅನ್ನಿಸುತ್ತದೆ. ಸಂಪಾದಕರ ಟಿಪ್ಪಣಿ ಪುಟದಲ್ಲಿ ಏನಿತ್ತು ಎಂದು ಹೇಳಬೇಕು, ಹೊಸ ಸಂಶೋಧನೆ ಸೇರಿಸಬಾರದು. ಗ್ರೀನ್‌ಲಾನ ಮಾತು ಲೇಖನದ ಕೊನೆಗೆ ಪ್ರತ್ಯೇಕವಾಗಿ ಹೋಗಲಿ.

ಹೊಸಪೇಟೆಯವ

ಲೇಖನದ ಕೊನೆಯವರೆಗೆ ಓದುವವರು ಎಷ್ಟು ಜನ? ನಾನಂತೂ ಅಲ್ಲೇ ಇರಲಿ ಅನ್ನುತ್ತೇನೆ.

ಹಳೇಸಂಚಿಕೆ

ಇಬ್ಬರ ಮಾತನ್ನೂ ಸಮಿತಿಯ ಮುಂದೆ ಇಡುತ್ತೇನೆ. ಭಾಷೆಯ ಗುರುತು ನಿಜಕ್ಕೂ `en` ಅಂತಲೇ ಇತ್ತು, ಈಗ ಇಡೀ ತಾಣಕ್ಕೆ `kn` ಮಾಡಿದೆ.

ಇನ್ನೊಂದು ಗಟ್ಟಿ ಕಾಯಿ. ಉಳಿದ 34ರಲ್ಲಿ ಹನ್ನೊಂದರ ಅಡಿಬರಹ "ಸಮಾರಂಭದ ಒಂದು ನೋಟ" ಎಂದಿದೆ. ಲೇಖನದಲ್ಲೂ ಆ ಚಿತ್ರದ ಬಗ್ಗೆ ಒಂದಕ್ಷರವಿಲ್ಲ. ವೇದಿಕೆ, ಹಾರ, ದೀಪ ಬೆಳಗುವುದು ಇದ್ದೇ ಇರುತ್ತದೆ ಅಂತ ಸಮಿತಿಯವರೊಬ್ಬರು ಹೇಳುತ್ತಿದ್ದಾರೆ. ಬರೆಯಲೇ?

ಕಿವಿಗೊಟ್ಟು

ದಯವಿಟ್ಟು ಬೇಡ. "ಸಂಪಾದಕರ ಟಿಪ್ಪಣಿ: ಚಿತ್ರ ಕಳೆದುಹೋಗಿದೆ. ಅಡಿಬರಹ ಮಾತ್ರ ಉಳಿದಿದೆ." ಅಷ್ಟೇ. ಕೆಳಗೆ ಅಡಿಬರಹ ಇದ್ದೇ ಇರುತ್ತದೆ. ಹನ್ನೊಂದು ಕಡೆ ಅದೇ ದೀಪ, ಅದೇ ಹಾರ ಕೇಳಿದರೆ ಹನ್ನೊಂದು ಚಿತ್ರ ನೋಡಿದ ಹಾಗೆ ಆಗುತ್ತದೆ, ನೋಡಿದ್ದು ಒಂದೂ ಅಲ್ಲ. ಯಾರೂ ದೀಪ ಬೆಳಗದ ಸಮಾರಂಭ ಅದರಲ್ಲಿ ಇತ್ತೋ ಏನೋ.

ಗುಬ್ಬಿಟೀಚರ್

ಆ ಸಮಾರಂಭಕ್ಕೆ ಹೋಗಿದ್ದವರು ಯಾರಾದರೂ ಚಿತ್ರ ನೆನಪಿದೆ ಎಂದು ಹೇಳಿದರೆ? ಅದನ್ನು ಬರೆಯಬಹುದಲ್ಲವೇ?

ಪುಟತಿರುವು

ಅವರಿಗೆ ನೆನಪಿರುವುದು ಚಿತ್ರವೋ ಸಮಾರಂಭವೋ ಎಂದು ಮೊದಲು ಕೇಳಿ. ಚಿತ್ರವನ್ನೇ ನೋಡಿದ ನೆನಪಿದ್ದರೆ "ಸಂಚಿಕೆಯನ್ನು ಓದಿದ್ದ ಸದಸ್ಯರೊಬ್ಬರ ನೆನಪಿನ ಪ್ರಕಾರ" ಎಂದು ತಲೆಯಲ್ಲೇ ಹಾಕಿ ಬರೆಯಬಹುದು. ಸಮಾರಂಭ ನೆನಪಿದ್ದರೆ ಅದು ಬೇರೆ ಲೇಖನ.

ಹಳೇಸಂಚಿಕೆ

ಹಾಗೇ ಮಾಡುತ್ತೇನೆ. ಇನ್ನೊಂದು ಸುದ್ದಿ: 1990ರ ದಶಕದ ಎರಡು ಸಂಚಿಕೆಗಳು ಹಳೆಯ ಖಜಾಂಚಿಗಳ ಮನೆಯ ಅಟ್ಟದ ಮೇಲೆ ಇವೆಯಂತೆ, ಭಾನುವಾರ ಹೋಗುತ್ತಿದ್ದೇನೆ. ಹಂಪಿಯ ಲೇಖನ ಅವುಗಳಲ್ಲಿದೆಯೋ ಇಲ್ಲವೋ ಅವರಿಗೂ ನೆನಪಿಲ್ಲ.